ಕೆಲಸ ಬಿಟ್ಟ ವರ್ಷಗಳಿಗೆ ಮೂರು ಸಾಲು

ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಮಗುವಿಗೆ ದೊಡ್ಡ ಆಪರೇಷನ್ ಆಯಿತು. ತನಗೇ ಕಾಯಿಲೆ ಬಂದು ವರ್ಷಗಟ್ಟಲೆ ಚಿಕಿತ್ಸೆ ನಡೆಯಿತು. ಕಾರಣ ಯಾವುದೇ ಇರಲಿ, ಒಂದೆರಡು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದವರು ಮತ್ತೆ ಅರ್ಜಿ ಹಾಕಲು ಕೂತಾಗ ಎಲ್ಲರ ಕೈ ತಡೆಯುವುದು ಒಂದೇ ಕಡೆ. ಓದು, ಅಂಕ, ಹಳೆಯ ಕಂಪನಿಗಳ ಹೆಸರು ಎಲ್ಲ ಸಲೀಸಾಗಿ ತುಂಬುತ್ತವೆ. ಅನುಭವದ ಭಾಗಕ್ಕೆ ಬಂದಾಗ ಮಾತ್ರ ಪ್ರಶ್ನೆ ಏಳುತ್ತದೆ. ಹಿಂದಿನ ಕೆಲಸ 2021ಕ್ಕೆ ಮುಗಿದಿದೆ, ಅಲ್ಲಿಂದ ಇಲ್ಲಿಯವರೆಗೆ ಏನೆಂದು ಬರೆಯುವುದು?

ಹೆಚ್ಚಿನವರು ಮೂರರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಏನನ್ನೂ ಬರೆಯದೆ ಖಾಲಿ ಬಿಡುತ್ತಾರೆ. ಕೆಲವರು ಹಳೆಯ ಕೆಲಸದ ತಾರೀಖನ್ನು ಸ್ವಲ್ಪ ಎಳೆದು ಖಾಲಿ ಜಾಗ ಮುಚ್ಚುತ್ತಾರೆ. ಉಳಿದವರು ಕಾರಣವನ್ನೆಲ್ಲ ವಿವರಿಸಿ, ಕೊನೆಗೆ ದಯವಿಟ್ಟು ಒಂದು ಅವಕಾಶ ಕೊಡಿ ಎಂದು ಕೈಮುಗಿಯುತ್ತಾರೆ. ಮೂರೂ ನಷ್ಟದ ದಾರಿಗಳು. ನಾಲ್ಕನೆಯದೊಂದು ಇದೆ: ಆ ಅವಧಿಯನ್ನೂ ಒಂದು ಕೆಲಸದಂತೆಯೇ, ಅದೇ ಅಕ್ಷರದ ಗಾತ್ರದಲ್ಲಿ, ಅದೇ ಕ್ರಮದಲ್ಲಿ, ತಾರೀಖು ಸಮೇತ ಮೂರು ಸಾಲಿನಲ್ಲಿ ಬರೆಯುವುದು. ಆ ಮೂರು ಸಾಲಿನಲ್ಲಿ ಏನಿರಬೇಕು, ಏನಿರಬಾರದು ಎಂಬುದಷ್ಟೇ ಈ ಲೇಖನದ ವಿಷಯ. ಸರ್ಕಾರಿ ನೇಮಕಾತಿ ಪರೀಕ್ಷೆ, ವಯೋಮಿತಿ, ಮೀಸಲಾತಿಯ ಲೆಕ್ಕದಲ್ಲಿ ನಡೆಯುವುದರಿಂದ ಅದನ್ನು ಬದಿಗಿಟ್ಟು ಖಾಸಗಿ ಕೆಲಸದ ಮಾತನ್ನೇ ಆಡೋಣ.

ಓದುವವರ ಮನಸ್ಸಿನಲ್ಲಿರುವ ಮೂರು ಪ್ರಶ್ನೆ

ರೆಸ್ಯೂಮೆ ಓದುವ ಎಚ್‌ಆರ್ ಅಧಿಕಾರಿಗಾಗಲೀ ವಿಭಾಗದ ಮ್ಯಾನೇಜರ್‌ಗಾಗಲೀ ನಿಮ್ಮ ಮನೆಯ ಕಥೆ ಬೇಕಿಲ್ಲ. ತಾರೀಖುಗಳ ನಡುವೆ ಎರಡು ವರ್ಷದ ಖಾಲಿ ಜಾಗ ಕಂಡಾಗ ಅವರಿಗೆ ಮೂಡುವ ಸಂಶಯಗಳು ಮೂರು. ಒಂದು, ಈ ಅವಧಿಯಲ್ಲಿ ಏನು ನಡೆಯಿತು, ಹೇಳಲಾಗದಂಥದ್ದು ಏನಾದರೂ ಇದೆಯೇ? ಎರಡು, ಆ ಕಾರಣ ಈಗ ಮುಗಿದಿದೆಯೇ, ಸೇರಿ ಮೂರು ತಿಂಗಳಿಗೆ ಮತ್ತೆ ಬಿಟ್ಟು ಹೋಗುತ್ತಾರೆಯೇ? ಮೂರು, ಕೈಯಲ್ಲಿದ್ದ ಕೆಲಸ ಇನ್ನೂ ಕೈಯಲ್ಲಿದೆಯೇ, ಮರೆತುಹೋಗಿದೆಯೇ?

ಖಾಲಿ ಬಿಟ್ಟ ಜಾಗ ಈ ಮೂರಕ್ಕೂ ಉತ್ತರ ಕೊಡುವುದಿಲ್ಲ. ಓದುವವರು ತಮಗೆ ತೋಚಿದ ಉತ್ತರವನ್ನು ತಾವೇ ತುಂಬಿಕೊಳ್ಳುತ್ತಾರೆ. ಕೆಲಸದಿಂದ ತೆಗೆದಿರಬೇಕು, ಎಲ್ಲೂ ಸಿಕ್ಕಿಲ್ಲದಿರಬೇಕು ಎಂದು ಊಹಿಸುತ್ತಾರೆ. ಇನ್ನು ದೀರ್ಘವಾದ ಕ್ಷಮಾಪಣೆ ಮೊದಲ ಪ್ರಶ್ನೆಗೆ ಬೇಕಾದ್ದಕ್ಕಿಂತ ಹೆಚ್ಚು ಉತ್ತರ ಕೊಟ್ಟು, ಉಳಿದೆರಡನ್ನು ಮರೆತುಬಿಡುತ್ತದೆ. ಆದ್ದರಿಂದ ಮೂರು ಪ್ರಶ್ನೆಗೆ ಮೂರು ಸಾಲು: ಏನು ಮಾಡಿದೆ, ಈಗ ಪರಿಸ್ಥಿತಿ ಏನು, ಕೆಲಸದ ನಂಟು ಹೇಗೆ ಉಳಿದಿದೆ.

ಒಬ್ಬ ಅಕೌಂಟೆಂಟ್‌ನ ಉದಾಹರಣೆ

ಮಾತಿಗೊಂದು ಉದಾಹರಣೆ ಕಟ್ಟಿಕೊಳ್ಳೋಣ. ಮೈಸೂರಿನ ಒಬ್ಬ ಮಹಿಳೆ ಬಿ.ಕಾಂ. ಮುಗಿಸಿ ಜುಲೈ 2013ರಲ್ಲಿ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಆಗಿ ಸೇರಿದರು. ಮಾರ್ಚ್ 2017ರವರೆಗೆ ಅಲ್ಲಿದ್ದರು. ಏಪ್ರಿಲ್ 2017ರಿಂದ ಆಗಸ್ಟ್ 2021ರವರೆಗೆ ಇನ್ನೊಂದು ಕಂಪನಿಯಲ್ಲಿ ಅಕೌಂಟೆಂಟ್. ಆ ಕಂಪನಿಯ ವಾರ್ಷಿಕ ವಹಿವಾಟು ಸುಮಾರು 12 ಕೋಟಿ ರೂಪಾಯಿ. ಅಲ್ಲಿ ಟ್ಯಾಲಿ, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ತಾಳೆ, ಪಿಎಫ್ ಚಲನ್ ಎಲ್ಲ ಇವರದೇ. ಆಗಸ್ಟ್ 2021ರಲ್ಲಿ ತಾಯಿಗೆ ಪಾರ್ಶ್ವವಾಯು ಆಯಿತು. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ, ರಾಜೀನಾಮೆ ಕೊಟ್ಟರು. 2023ರ ಹೊತ್ತಿಗೆ ತಾಯಿ ಸ್ವಲ್ಪ ಚೇತರಿಸಿಕೊಂಡರು, ಹಗಲು ಹೊತ್ತು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿದ್ದಾಯಿತು. ಆ ವರ್ಷ ಜುಲೈನಿಂದ ಇವರು ಮನೆ ಹತ್ತಿರದ ಆಡಿಟರ್ ಕಚೇರಿಯಲ್ಲಿ ಅರ್ಧ ದಿನದ ಲೆಕ್ಕದಲ್ಲಿ ರಿಟರ್ನ್ ಹಾಕಿಕೊಡತೊಡಗಿದರು. ಜನವರಿ 2024ರಿಂದ ಪೂರ್ತಿ ಕೆಲಸಕ್ಕೆ ಸಿದ್ಧ.

ಇಂಥ ಕಡೆ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ. ರೆಸ್ಯೂಮೆ ಇಂಗ್ಲಿಷಿನಲ್ಲೇ ಹೋಗುವುದಾದರೂ ಸಾರ ಇದೇ:

"ಸೆಪ್ಟೆಂಬರ್ 2021ರಿಂದ: ದುರದೃಷ್ಟವಶಾತ್ ತಾಯಿಯವರ ತೀವ್ರ ಅನಾರೋಗ್ಯದ ಕಾರಣ ಅನಿವಾರ್ಯವಾಗಿ ಕೆಲಸ ಬಿಡಬೇಕಾಯಿತು. ಆದ್ದರಿಂದ ಈ ಅವಧಿಯಲ್ಲಿ ಉದ್ಯೋಗದಲ್ಲಿರಲು ಸಾಧ್ಯವಾಗಲಿಲ್ಲ. ಒಂದು ಅವಕಾಶ ಕೊಟ್ಟಲ್ಲಿ ಪ್ರಾಮಾಣಿಕವಾಗಿ ದುಡಿಯುತ್ತೇನೆ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಓದಿದವರಿಗೆ ಏನೋ ತಪ್ಪು ನಡೆದುಹೋಗಿದೆ, ಅದಕ್ಕೆ ಇವರು ಸಮಜಾಯಿಷಿ ಕೊಡುತ್ತಿದ್ದಾರೆ ಅನ್ನಿಸುತ್ತದೆ. ಹಾಗೆ ಅನ್ನಿಸಲು ಕಾರಣ ನಡೆದ ಸಂಗತಿಯಲ್ಲ, ಬರೆದ ರೀತಿ. ‘ದುರದೃಷ್ಟವಶಾತ್’, ‘ಅನಿವಾರ್ಯವಾಗಿ’, ‘ಬಿಡಬೇಕಾಯಿತು’, ‘ಸಾಧ್ಯವಾಗಲಿಲ್ಲ’ ಎಂಬ ಮಾತುಗಳಲ್ಲಿ ಈ ಮಹಿಳೆ ಏನನ್ನೂ ಮಾಡಿದವರಲ್ಲ, ಎಲ್ಲ ಅವರಿಗೆ ಆಗಿದ್ದು. ನಿಜವಾಗಿ ಅವರು ಯೋಚಿಸಿ ಒಂದು ತೀರ್ಮಾನ ಮಾಡಿ, ಎರಡು ವರ್ಷಕ್ಕೂ ಮೀರಿ ಒಂದು ಹೊಣೆ ಹೊತ್ತವರು. ಮುಗಿದ ತಾರೀಖನ್ನೂ ಹಾಕಿಲ್ಲ, ಆದ್ದರಿಂದ ತಾಯಿಯ ಆರೈಕೆ ಇವತ್ತೂ ನಡೆದಿದೆ ಎಂದೇ ಓದುವವರು ತಿಳಿಯುತ್ತಾರೆ. ಇನ್ನು ‘ಪ್ರಾಮಾಣಿಕವಾಗಿ ದುಡಿಯುತ್ತೇನೆ’ ಎಂಬ ಭರವಸೆಯನ್ನು ಯಾರೂ ಕೇಳಿರಲಿಲ್ಲ. ಕೇಳದೆ ಕೊಟ್ಟ ಭರವಸೆ ಅನುಮಾನ ಹುಟ್ಟಿಸುತ್ತದೆ. ಮುಖ್ಯವಾಗಿ, ಆಡಿಟರ್ ಕಚೇರಿಯಲ್ಲಿ ಮಾಡಿದ ಕೆಲಸದ ಸುಳಿವೇ ಇಲ್ಲ.

ಅದನ್ನೇ ತಿದ್ದಿ ಬರೆದರೆ:

"ಕೆರಿಯರ್ ಬ್ರೇಕ್: ಕುಟುಂಬದ ಆರೈಕೆ, ಮೈಸೂರು. ಸೆಪ್ಟೆಂಬರ್ 2021 – ಡಿಸೆಂಬರ್ 2023 (2 ವರ್ಷ 4 ತಿಂಗಳು)
• ತಾಯಿಯ ಅನಾರೋಗ್ಯದಲ್ಲಿ ಪೂರ್ಣಾವಧಿ ಆರೈಕೆಯ ಹೊಣೆ ಹೊತ್ತೆ.
• ಮನೆಯಲ್ಲಿ ಈಗ ಆರೈಕೆಗೆ ಕಾಯಂ ವ್ಯವಸ್ಥೆ ಇದೆ. ಜನವರಿ 2024ರಿಂದ ಪೂರ್ಣಾವಧಿ ಕೆಲಸಕ್ಕೆ ಸಿದ್ಧ.
• ಜುಲೈ 2023ರಿಂದ ಆಡಿಟರ್ ಕಚೇರಿಯಲ್ಲಿ ಅರೆಕಾಲಿಕ ಕೆಲಸ: ಹನ್ನೆರಡು ವ್ಯಾಪಾರಿಗಳ ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಕೆ, ಇಬ್ಬರು ಸಗಟು ವ್ಯಾಪಾರಿಗಳ ಇ-ಇನ್‌ವಾಯ್ಸ್ ತಯಾರಿ."

ಶೀರ್ಷಿಕೆ, ಊರು, ತಾರೀಖು ಎಲ್ಲ ಉಳಿದ ಕೆಲಸಗಳಿಗೆ ಹೇಗಿವೆಯೋ ಇದಕ್ಕೂ ಹಾಗೆಯೇ ಇವೆ. ಕಾಯಿಲೆಯ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ, ಮನೆಯಲ್ಲಿ ಈಗ ಯಾರು ನೋಡಿಕೊಳ್ಳುತ್ತಾರೆ ಎಂಬ ವಿವರವಿಲ್ಲ. ಇದು ಮುಚ್ಚಿಟ್ಟಿದ್ದಲ್ಲ. ಕೆಲಸಕ್ಕೆ ಸಂಬಂಧಪಟ್ಟಷ್ಟನ್ನು ಹೇಳಿ ನಿಲ್ಲಿಸಿದ್ದು. ತಾಯಿ ತೀರಿಕೊಂಡಿದ್ದರೆ ಅದನ್ನೂ ರೆಸ್ಯೂಮೆಯಲ್ಲಿ ಬರೆಯಬೇಕಿಲ್ಲ. "ಆ ಹೊಣೆ 2023ರಲ್ಲಿ ಮುಗಿದಿದೆ" ಅಂದರೆ ಸಾಕು, ಓದುವವರಿಗೆ ಅರ್ಥವಾಗುತ್ತದೆ.

ಮೂರನೆಯ ಸಾಲಿನ ತೂಕ

ಮೂರರಲ್ಲಿ ಹೆಚ್ಚು ಕೆಲಸ ಮಾಡುವುದು ಕೊನೆಯ ಸಾಲು. ಯಾಕೆಂದು ತಿಳಿಯಲು ಈ ಮಹಿಳೆ ಮನೆಯಲ್ಲಿದ್ದಾಗ ಅವರ ಕಸುಬಿನಲ್ಲಿ ಏನಾಯಿತು ಎಂದು ನೋಡಬೇಕು. ಅವರು ಕೆಲಸ ಬಿಟ್ಟಾಗ ಜಿಎಸ್‌ಟಿಯಲ್ಲಿ ಇ-ಇನ್‌ವಾಯ್ಸ್ ಕಡ್ಡಾಯವಿದ್ದುದು 50 ಕೋಟಿಗೆ ಮೇಲ್ಪಟ್ಟ ವಹಿವಾಟಿನ ಕಂಪನಿಗಳಿಗೆ ಮಾತ್ರ. ಅವರ 12 ಕೋಟಿಯ ಕಂಪನಿಗೆ ಅದರ ಗೊಡವೆಯೇ ಇರಲಿಲ್ಲ. ಏಪ್ರಿಲ್ 2022ರಲ್ಲಿ ಆ ಮಿತಿ 20 ಕೋಟಿಗೆ ಇಳಿಯಿತು, ಅಕ್ಟೋಬರ್ 2022ರಲ್ಲಿ 10 ಕೋಟಿಗೆ, ಆಗಸ್ಟ್ 2023ರಲ್ಲಿ 5 ಕೋಟಿಗೆ. ಅಂದರೆ ಅವರು ಬಿಟ್ಟು ಬಂದ ಕಂಪನಿಯೇ ಈಗ ಇ-ಇನ್‌ವಾಯ್ಸ್ ಮಾಡಬೇಕು. ಅದರ ಜೊತೆಗೆ, 2022ರಿಂದ ಖರೀದಿ ಮೇಲಿನ ತೆರಿಗೆ ಜಮೆ ಪಡೆಯಬೇಕಾದರೆ ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಲೇಬೇಕು ಎಂಬ ನಿಯಮ ಬಂತು. ಏಪ್ರಿಲ್ 2023ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗುವ ವ್ಯವಸ್ಥೆ ಇರಲೇಬೇಕು ಎಂದಾಯಿತು.

ಇದನ್ನೆಲ್ಲ ಬಲ್ಲ ಮ್ಯಾನೇಜರ್‌ಗೆ ‘2021ರವರೆಗೆ ಅಕೌಂಟೆಂಟ್’ ಎಂಬ ಸಾಲು ಕಂಡರೆ ಮೊದಲು ಬರುವ ಯೋಚನೆ, ಇವರಿಗೆ ಇ-ಇನ್‌ವಾಯ್ಸ್ ಬರುತ್ತದೆಯೇ ಎಂದು. ಮೂರನೆಯ ಸಾಲು ಅದಕ್ಕೆ ನೇರ ಉತ್ತರ. ನಿಮ್ಮ ಕಸುಬು ಬೇರೆ ಇರಬಹುದು, ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ನಾನಿಲ್ಲದಾಗ ಈ ಕೆಲಸದಲ್ಲಿ ಏನು ಬದಲಾಯಿತು, ಅದರಲ್ಲಿ ಯಾವುದನ್ನು ನಾನು ಕೈಯಾರೆ ಮಾಡಿ ನೋಡಿದ್ದೇನೆ? ಆನ್‌ಲೈನ್ ಕೋರ್ಸುಗಳ ಉದ್ದ ಪಟ್ಟಿಗಿಂತ ಬದಲಾದ ಒಂದು ವಿಷಯವನ್ನು ಮಾಡಿ ತೋರಿಸಿದ ಒಂದು ಸಾಲು ಹೆಚ್ಚು ನಂಬಿಕೆ ತರುತ್ತದೆ. ಏನೂ ಮಾಡಿಲ್ಲವಾದರೆ ಮೂರನೆಯ ಸಾಲನ್ನು ಬಿಟ್ಟುಬಿಡಿ. ಇಲ್ಲದ ಕೋರ್ಸನ್ನು ಸೇರಿಸಬೇಡಿ. ಅರ್ಜಿ ಹಾಕುವ ಮುಂಚೆ ಎರಡು ಮೂರು ತಿಂಗಳು ಒಬ್ಬ ಆಡಿಟರ್ ಹತ್ತಿರವೋ, ಶಾಲೆಯಲ್ಲೋ, ಪರಿಚಯದ ಅಂಗಡಿಯಲ್ಲೋ ಕೆಲಸ ಹಿಡಿದರೆ ಆ ಸಾಲು ತಾನಾಗಿ ಸಿಗುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಒಂದಿದೆ. ಆರೈಕೆಯ ವರ್ಷಗಳಿಗೆ ಕಂಪನಿಯ ವೇಷ ತೊಡಿಸಿ ‘ಗೃಹ ನಿರ್ವಹಣಾ ಮುಖ್ಯಾಧಿಕಾರಿ’ ಎಂದು ಹುದ್ದೆ ಕೊಟ್ಟುಕೊಳ್ಳುವುದು, ಟೈಮ್ ಮ್ಯಾನೇಜ್‌ಮೆಂಟ್, ಕ್ರೈಸಿಸ್ ಮ್ಯಾನೇಜ್‌ಮೆಂಟ್ ಎಂದು ಪಟ್ಟಿ ಮಾಡುವುದು. ಆರೈಕೆ ದೊಡ್ಡ ಕೆಲಸವೇ, ಆದರೆ ಹೀಗೆ ಬರೆದಾಗ ಅದು ತನ್ನ ಹೆಸರಿನಲ್ಲಿ ನಿಲ್ಲಲು ನಾಚುತ್ತಿರುವಂತೆ ಕಾಣುತ್ತದೆ. ಇದೂ ಕ್ಷಮೆ ಕೇಳಿದಂತೆಯೇ. ಆರೈಕೆಯಲ್ಲಿ ಕಲಿತದ್ದು ಹೊಸ ಕೆಲಸಕ್ಕೆ ನೇರವಾಗಿ ಬೇಕಿದ್ದರೆ ಮಾತ್ರ ಬರೆಯಿರಿ. ಎರಡು ವರ್ಷ ಆಸ್ಪತ್ರೆ ಬಿಲ್ಲು, ಆರೋಗ್ಯ ವಿಮೆಯ ಕ್ಲೇಮು ಎಂದು ಓಡಾಡಿದವರು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೋ ವಿಮಾ ಕಚೇರಿಗೋ ಅರ್ಜಿ ಹಾಕುವಾಗ ಅದು ಅನುಭವವೇ. ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಅದು ಬೇಡ.

ತಾರೀಖನ್ನು ಎಳೆಯಬೇಡಿ

ಹಳೆಯ ಕೆಲಸದ ಕೊನೆಯ ತಿಂಗಳನ್ನು ಮುಂದಕ್ಕೆ ತಳ್ಳಿ ಖಾಲಿ ಅವಧಿ ಮುಚ್ಚುವುದು ಸುಲಭದ ಕೆಲಸದಂತೆ ಕಾಣುತ್ತದೆ. ಇವತ್ತು ಅದು ಸಿಕ್ಕಿಬೀಳುವುದು ಇನ್ನೂ ಸುಲಭ. ಆಫರ್ ಕೊಟ್ಟ ಮೇಲೆ ಹಲವು ಕಂಪನಿಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿಸುತ್ತವೆ. ರಿಲೀವಿಂಗ್ ಲೆಟರ್, ಕೊನೆಯ ತಿಂಗಳುಗಳ ಸಂಬಳದ ಚೀಟಿ, ಪಿಎಫ್ ದಾಖಲೆ ಇವನ್ನೆಲ್ಲ ಒಂದರೊಡನೊಂದು ತಾಳೆ ನೋಡುತ್ತಾರೆ. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಪಿಎಫ್ ಕಡ್ಡಾಯ. 2014ರಿಂದ ಎಲ್ಲ ಕಂಪನಿಗಳ ಪಿಎಫ್ ಖಾತೆಗಳೂ ಯುಎಎನ್ ಎಂಬ ಒಂದೇ ಸಂಖ್ಯೆಯಡಿ ಸೇರುತ್ತಿವೆ. ಆ ಖಾತೆಯ ಸೇವಾ ವಿವರದಲ್ಲಿ ಪ್ರತಿ ಕಂಪನಿಗೆ ಸೇರಿದ ದಿನ, ಬಿಟ್ಟ ದಿನ ಇರುತ್ತದೆ, ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳ ಜಮೆ ಇರುತ್ತದೆ. ಎರಡು ವರ್ಷ ಕೆಲಸವಿರಲಿಲ್ಲ ಎಂಬ ಕಾರಣಕ್ಕೆ ಆಫರ್ ಹಿಂಪಡೆಯುವ ಕಂಪನಿ ಅಪರೂಪ. ತಾರೀಖಿನಲ್ಲಿ ಸುಳ್ಳು ಹೇಳಿದ್ದಕ್ಕೆ, ನಕಲಿ ಅನುಭವ ಪತ್ರ ತಂದದ್ದಕ್ಕೆ ಸೇರಿದ ಮೇಲೂ ಕೆಲಸ ಹೋಗುತ್ತದೆ.

ಅರ್ಜಿ ಹಾಕುವ ಮುಂಚೆ ನಿಮ್ಮ ಪಿಎಫ್ ದಾಖಲೆಯನ್ನು ನೀವೇ ತೆರೆದು ನೋಡಿ. ನೀವು ನಿಜವನ್ನೇ ಬರೆದಿದ್ದರೂ ದಾಖಲೆಯಲ್ಲಿ ತಪ್ಪಿರಬಹುದು. ಹಳೆಯ ಕಂಪನಿ ನೀವು ಬಿಟ್ಟ ದಿನವನ್ನು ನಮೂದಿಸದೇ ಇದ್ದರೆ ನೀವಿನ್ನೂ ಅಲ್ಲೇ ಇದ್ದೀರಿ ಎಂದು ತೋರಿಸುತ್ತದೆ. ಕೊನೆಯ ಜಮೆಯಾಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ಪಿಎಫ್ ಪೋರ್ಟಲ್‌ನ Manage ಪಟ್ಟಿಯಲ್ಲಿ Mark Exit ಆಯ್ಕೆ ಬಳಸಿ, ಆಧಾರ್ ಒಟಿಪಿಯೊಂದಿಗೆ ಅದನ್ನು ಸರಿಪಡಿಸಿಕೊಳ್ಳಬಹುದು.

ಒಟ್ಟು ಅನುಭವದ ಲೆಕ್ಕದಲ್ಲೂ ಜನ ಗೊತ್ತಿಲ್ಲದೆ ತಪ್ಪುತ್ತಾರೆ. ಮೈಸೂರಿನ ನಮ್ಮ ಮಹಿಳೆ ‘2013ರಿಂದ, ಹತ್ತು ವರ್ಷಕ್ಕೂ ಹೆಚ್ಚು ಅನುಭವ’ ಎಂದು ರೆಸ್ಯೂಮೆಯ ತಲೆಯಲ್ಲಿ ಬರೆದರೆ ಅದು ನಿಜವಲ್ಲ. ಮೊದಲ ಕಂಪನಿಯಲ್ಲಿ 3 ವರ್ಷ 9 ತಿಂಗಳು, ಎರಡನೆಯದರಲ್ಲಿ 4 ವರ್ಷ 5 ತಿಂಗಳು, ಒಟ್ಟು 8 ವರ್ಷ 2 ತಿಂಗಳು. ಅರೆಕಾಲಿಕ ಆರು ತಿಂಗಳನ್ನು ಇದಕ್ಕೆ ಸೇರಿಸದೆ ಬೇರೆಯಾಗಿ ತೋರಿಸುವುದೇ ಕ್ಷೇಮ. ಈ ಲೆಕ್ಕವನ್ನು ಪ್ರತಿ ಕೆಲಸದ ಪಕ್ಕ ತಾರೀಖಿನ ಜೊತೆಗೇ ಬರೆದರೆ ಇನ್ನೊಂದು ಲಾಭವಿದೆ. ಬ್ರಿಟನ್ನಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳನ್ನು ನಿಜವಾದ ಉದ್ಯೋಗದಾತರಿಗೆ ಕಳಿಸಿ ಮಾಡಿದ ಪ್ರಯೋಗವೊಂದು ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಇಸವಿಗಳ ಬದಲು ಕೆಲಸ ಮಾಡಿದ ವರ್ಷಗಳ ಸಂಖ್ಯೆ ಬರೆದ ರೆಸ್ಯೂಮೆಗಳಿಗೆ, ನಡುವೆ ಖಾಲಿ ಅವಧಿ ಕಾಣುವ ರೆಸ್ಯೂಮೆಗಳಿಗಿಂತ ಸುಮಾರು ಶೇ. 15ರಷ್ಟು ಹೆಚ್ಚು ಕರೆಗಳು ಬಂದವು. ನಮ್ಮಲ್ಲಿ ಆನ್‌ಲೈನ್ ಅರ್ಜಿಗಳು ತಿಂಗಳು, ವರ್ಷ ಕೇಳಿಯೇ ಕೇಳುತ್ತವೆ, ಆದ್ದರಿಂದ ತಾರೀಖನ್ನು ತೆಗೆಯುವಂತಿಲ್ಲ. ಆದರೆ ‘4 ವರ್ಷ 5 ತಿಂಗಳು’ ಎಂದು ಕಣ್ಣಿಗೆ ಬೀಳುವಂತೆ ಬರೆದರೆ ಓದುವವರ ಗಮನ ನೀವಿಲ್ಲದ ವರ್ಷಗಳಿಗಿಂತ ನೀವಿದ್ದ ವರ್ಷಗಳ ಕಡೆ ಹೋಗುತ್ತದೆ.

ಲಿಂಕ್ಡ್‌ಇನ್‌ನಲ್ಲಿ ಖಾತೆ ಇದ್ದರೆ ಅಲ್ಲೂ ಇದೇ ತಾರೀಖುಗಳಿರಲಿ. 2022ರಲ್ಲಿ ಆ ಜಾಲತಾಣ ಅನುಭವದ ಭಾಗದಲ್ಲೇ ಕೆರಿಯರ್ ಬ್ರೇಕ್ ಸೇರಿಸುವ ಅವಕಾಶ ಕೊಟ್ಟಿತು. ಹದಿಮೂರು ಬಗೆಯ ಕಾರಣಗಳಲ್ಲಿ Caregiving, Health and well-being ಎಂಬವೂ ಇವೆ. ವಿರಾಮವನ್ನು ಕೆಲಸಗಳ ಸಾಲಿನಲ್ಲೇ ಕೂರಿಸುವುದು ಈಗ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಎರಡು ಮೂರು ತಿಂಗಳ ಅಂತರಕ್ಕೆ ಮಾತ್ರ ಇದಾವುದೂ ಬೇಡ. ಅಷ್ಟು ಸಮಯ ಎಲ್ಲರಿಗೂ ಕೆಲಸ ಬದಲಿಸುವಾಗ ಹಿಡಿಯುತ್ತದೆ.

ಸ್ವಂತ ಕಾಯಿಲೆಯಾದರೆ

ಆರೈಕೆಯನ್ನು ಹೇಳುವುದಕ್ಕಿಂತ ಸ್ವಂತ ಕಾಯಿಲೆಯನ್ನು ಹೇಳುವುದು ಕಷ್ಟ. ಇಲ್ಲಿ ಪ್ರಾಮಾಣಿಕತೆಗೂ ಎಲ್ಲವನ್ನೂ ಬಿಚ್ಚಿಡುವುದಕ್ಕೂ ಇರುವ ವ್ಯತ್ಯಾಸವನ್ನು ಹಿಡಿಯಬೇಕು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಮಷೀನ್ ನಡೆಸುತ್ತಿದ್ದ ಒಬ್ಬರಿಗೆ ಬೆನ್ನುಮೂಳೆಯ ಆಪರೇಷನ್ ಆಗಿ ಒಂದು ವರ್ಷ ಮನೆಯಲ್ಲಿದ್ದರು ಎಂದುಕೊಳ್ಳೋಣ. ಅವರ ರೆಸ್ಯೂಮೆಗೆ ಇಷ್ಟು ಸಾಕು: "ಆರೋಗ್ಯ ಕಾರಣದ ವಿರಾಮ, ಫೆಬ್ರವರಿ 2022 – ಜನವರಿ 2023. ಚಿಕಿತ್ಸೆ ಮುಗಿದಿದೆ, ಪೂರ್ಣಾವಧಿ ಕೆಲಸಕ್ಕೆ ಸಿದ್ಧ." ಯಾವ ಮೂಳೆ, ಯಾವ ಆಸ್ಪತ್ರೆ, ಎಷ್ಟು ಖರ್ಚು ಯಾವುದೂ ಬೇಡ. ಡಿಸ್ಚಾರ್ಜ್ ಸಮ್ಮರಿಯನ್ನು ಅರ್ಜಿಗೆ ಲಗತ್ತಿಸುವವರಿದ್ದಾರೆ, ಖಂಡಿತ ಬೇಡ. ನಿಮ್ಮ ವೈದ್ಯಕೀಯ ಕಾಗದ ಎಷ್ಟು ಜನರ ಇ-ಮೇಲ್ ಸುತ್ತುತ್ತದೆ ಎಂದು ನಿಮಗೆ ಗೊತ್ತಾಗುವುದಿಲ್ಲ.

ಆದರೆ ಆ ಕಾಯಿಲೆ ಕೆಲಸದ ಮೇಲೆ ಪರಿಣಾಮ ಮಾಡುವುದಾದರೆ ಅದನ್ನು ಹೇಳಲೇಬೇಕು. ಹೇಳುವ ಜಾಗ ರೆಸ್ಯೂಮೆಯಲ್ಲ, ಸಂದರ್ಶನ. ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿದ್ದರೆ, ಮಷೀನ್ ಶಾಪ್‌ನಲ್ಲಿ ಭಾರದ ಜಾಬ್‌ಗಳನ್ನು ಕೈಯಲ್ಲಿ ಎತ್ತಿ ಚಕ್ಕಿಗೆ ಕೂರಿಸಬೇಕಾದ ಕೆಲಸಕ್ಕೆ ಅದನ್ನು ಮುಚ್ಚಿಟ್ಟು ಸೇರುವುದು ಅವರ ಬೆನ್ನಿಗೇ ಅಪಾಯ. "ಪ್ರೋಗ್ರಾಮಿಂಗ್, ಸೆಟ್ಟಿಂಗ್, ಇನ್‌ಸ್ಪೆಕ್ಷನ್ ಎಲ್ಲ ಮಾಡ್ತೀನಿ ಸರ್. ಭಾರದ ಜಾಬ್ ಮಾತ್ರ ಕೈಯಲ್ಲಿ ಎತ್ತಲ್ಲ, ಹಾಯ್ಸ್ಟ್ ಬೇಕಾಗುತ್ತೆ" ಎಂದು ಹೇಳಿದರೆ ಮಾತು ಕೆಲಸದ ಮೇಲೇ ಇರುತ್ತದೆ, ಕಾಯಿಲೆಯ ಮೇಲೆ ಹೋಗುವುದಿಲ್ಲ. ಚಿಕಿತ್ಸೆ ಇನ್ನೂ ನಡೆದಿದ್ದರೆ ‘ಪೂರ್ತಿ ಗುಣವಾಗಿದೆ’ ಎಂದು ಬರೆಯಬಾರದು. ‘ಚಿಕಿತ್ಸೆ ಮುಂದುವರಿದಿದೆ, ಕೆಲಸದ ವೇಳೆಗೆ ಅಡ್ಡಿಯಿಲ್ಲ’ ಎಂಬುದು ನಿಜವಿದ್ದರೆ ಅದನ್ನೇ ಬರೆಯಿರಿ. ಅಡ್ಡಿಯಿದ್ದರೆ ಎಷ್ಟು ಹೊತ್ತು, ವಾರಕ್ಕೆ ಎಷ್ಟು ದಿನ ಎಂಬುದನ್ನು ಸಂದರ್ಶನದಲ್ಲಿ ಹೇಳಿ. ಆಫರ್ ಬಂದ ಮೇಲೆ ತುಂಬಿಸುವ ವೈದ್ಯಕೀಯ ಫಾರಂನಲ್ಲಿ ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಡಬೇಡಿ.

ಕಾನೂನಿನ ಎರಡು ಮಾತು ಗೊತ್ತಿರಲಿ. ಎಚ್‌ಐವಿ ಮತ್ತು ಏಡ್ಸ್ ಕುರಿತ 2017ರ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆಯನ್ನು ಷರತ್ತು ಮಾಡುವಂತಿಲ್ಲ. ಕಾಯಿಲೆಯಿಂದ ಅಂಗವೈಕಲ್ಯ ಉಳಿದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಸಂಸ್ಥೆಗಳಿಗೂ ಸಮಾನ ಅವಕಾಶದ ನೀತಿಯೊಂದನ್ನು ಪ್ರಕಟಿಸಬೇಕೆಂದು ಹೇಳುತ್ತದೆ. ಅರ್ಜಿ ಹಾಕುವ ಕಂಪನಿಯ ಎಚ್‌ಆರ್ ಬಳಿ ಅದನ್ನು ಕೇಳಿ ಪಡೆಯಬಹುದು.

ನಿಜ ಹೇಳಿದ್ದಕ್ಕೆ ಬೆಲೆ ಇದೆಯೇ?

ಇದೆ. ಅದನ್ನು ಮರೆಮಾಚುವುದು ಸರಿಯಲ್ಲ. ಸಮಾಜಶಾಸ್ತ್ರಜ್ಞೆ ಕೇಟ್ ವೈಸ್‌ಹಾರ್ ಅಮೆರಿಕದಲ್ಲಿ ಕಲ್ಪಿತ ರೆಸ್ಯೂಮೆಗಳನ್ನು ಕಳಿಸಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೆಲಸ ಕಳೆದುಕೊಂಡು ಮನೆಯಲ್ಲಿದ್ದ ತಾಯಂದಿರಿಗಿಂತ ಮಕ್ಕಳಿಗಾಗಿ ಮನೆಯಲ್ಲಿದ್ದೆ ಎಂದು ಬರೆದ ತಾಯಂದಿರಿಗೆ ಸುಮಾರು ಅರ್ಧದಷ್ಟೇ ಕರೆಗಳು ಬಂದವು. ತಂದೆಯರಿಗೂ ಹೆಚ್ಚುಕಡಿಮೆ ಅದೇ ಗತಿ. ಅದು ಅಮೆರಿಕದ, ಮಕ್ಕಳ ಪಾಲನೆಯ ಮಾತು. ತಂದೆತಾಯಿಯ ಆರೈಕೆಗೂ, ನಮ್ಮ ಊರಿಗೂ ಅದೇ ಲೆಕ್ಕ ಅನ್ವಯಿಸುತ್ತದೆ ಎನ್ನಲಾಗದು. ಆದರೆ ಅದರ ಹಿಂದಿನ ಅನುಮಾನ ಇಲ್ಲಿಯೂ ಪರಿಚಿತವೇ: ಒಮ್ಮೆ ಮನೆಯನ್ನು ಆರಿಸಿಕೊಂಡವರು ನಾಳೆಯೂ ಮನೆಯನ್ನೇ ಆರಿಸಿಕೊಳ್ಳುತ್ತಾರೆ ಎಂಬುದು. ಎರಡನೆಯ ಸಾಲನ್ನು, ಅಂದರೆ ಈಗ ವ್ಯವಸ್ಥೆಯಾಗಿದೆ, ಇಂಥ ತಿಂಗಳಿಂದ ಸಿದ್ಧ ಎಂಬುದನ್ನು ಎಂದೂ ಬಿಡಬಾರದು ಅನ್ನುವುದು ಇದಕ್ಕೇ. ಅದು ಆ ಅನುಮಾನವನ್ನು ಪೂರ್ತಿ ಅಳಿಸಲಾರದು, ಆದರೆ ಅದಕ್ಕೆ ಉತ್ತರವಿಲ್ಲದಂತೆ ಬಿಡುವುದಿಲ್ಲ.

ವಿರಾಮವೇ ಅರ್ಹತೆಯಾಗುವ ಕಡೆಗಳೂ ಇವೆ. ಟಾಟಾ ಸಮೂಹ 2008ರಲ್ಲಿ ಶುರುಮಾಡಿದ ಸೆಕೆಂಡ್ ಕೆರಿಯರ್ ಕಾರ್ಯಕ್ರಮ ಕೆಲಸ ಬಿಟ್ಟು ಮರಳುವ ಮಹಿಳೆಯರಿಗೆಂದೇ ಹುಟ್ಟಿದ್ದು. ಬೆಂಗಳೂರಿನ ಹಲವು ಐಟಿ, ಹಣಕಾಸು ಕಂಪನಿಗಳಲ್ಲೂ ಇಂಥ ಮರುಪ್ರವೇಶದ ಹುದ್ದೆಗಳು ಪ್ರಕಟವಾಗುತ್ತವೆ. ಅಲ್ಲಿ ಮೊದಲು ಕೇಳುವುದೇ ವಿರಾಮ ಎಂದಿನಿಂದ ಎಂದಿನವರೆಗೆ ಎಂದು. ಮುಚ್ಚಿಟ್ಟವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಸಂದರ್ಶನದಲ್ಲೂ ಅದೇ ಮೂರು ಮಾತು

ರೆಸ್ಯೂಮೆಯಲ್ಲಿ ಬರೆದದ್ದನ್ನೇ ಬಾಯಲ್ಲಿ ಹೇಳಬೇಕು, ಅದಕ್ಕಿಂತ ಉದ್ದ ಬೇಡ. ಮೈಸೂರಿನ ಅಕೌಂಟೆಂಟ್‌ಗೆ ಪ್ರಶ್ನೆ ಹೀಗೆ ಬರುತ್ತದೆ: "ಎರಡು ವರ್ಷ ಗ್ಯಾಪ್ ಇದೆಯಲ್ಲ ಮೇಡಂ?" ಉತ್ತರ: "ಹೌದು ಸರ್. ಅಮ್ಮನಿಗೆ ಹುಷಾರಿರಲಿಲ್ಲ, ನಾನೇ ನೋಡ್ಕೊಂಡೆ. ಈಗ ಮನೆಯಲ್ಲಿ ವ್ಯವಸ್ಥೆ ಆಗಿದೆ. ಜುಲೈನಿಂದ ಆಡಿಟರ್ ಆಫೀಸಲ್ಲಿ ರಿಟರ್ನ್, ಇ-ಇನ್‌ವಾಯ್ಸ್ ಮಾಡ್ತಿದ್ದೀನಿ." ಇಲ್ಲಿಗೆ ನಿಲ್ಲಿಸಬೇಕು. ಮೌನ ತುಂಬಲು ಆಸ್ಪತ್ರೆಯ ಕಥೆ ಶುರುಮಾಡಿದರೆ ಸಂದರ್ಶನದ ಉಳಿದ ಹೊತ್ತೆಲ್ಲ ಅದೇ ಆಗುತ್ತದೆ. ಬಲ್ಲ ಮ್ಯಾನೇಜರ್ ಆಗಿದ್ದರೆ ಮುಂದಿನ ಪ್ರಶ್ನೆ ಕೆಲಸದ್ದೇ ಬರುತ್ತದೆ: "ಐಆರ್‌ಎನ್ ಬಂದ ಮೇಲೆ ಇನ್‌ವಾಯ್ಸ್‌ನಲ್ಲಿ ತಪ್ಪು ಕಂಡರೆ ಏನ್ ಮಾಡ್ತೀರಿ?" "ಇಪ್ಪತ್ನಾಲ್ಕು ಗಂಟೆ ಒಳಗಾದ್ರೆ ಪೋರ್ಟಲ್‌ನಲ್ಲೇ ಕ್ಯಾನ್ಸಲ್ ಮಾಡ್ಬಹುದು ಸರ್. ಅದು ಮೀರಿದ್ರೆ ಕ್ರೆಡಿಟ್ ನೋಟ್ ಹಾಕ್ಬೇಕು." ಈ ಒಂದು ಉತ್ತರ ಎರಡು ವರ್ಷದ ಬಗ್ಗೆ ಕೊಡುವ ಯಾವ ವಿವರಣೆಗಿಂತಲೂ ದೊಡ್ಡದು.

"ಅಮ್ಮನಿಗೆ ಮತ್ತೆ ಹುಷಾರು ತಪ್ಪಿದರೆ?" ಎಂದು ಕೇಳಿದರೆ ಕೋಪ ಬರುವುದು ಸಹಜ. ಎಲ್ಲರ ಮನೆಯಲ್ಲೂ ತಂದೆತಾಯಿಗೆ ವಯಸ್ಸಾಗುತ್ತದೆ, ಕೇಳುತ್ತಿರುವವರ ಮನೆಯಲ್ಲೂ ಸಹ. "ಎಲ್ಲರ ಹಾಗೆ ರಜೆ ಹಾಕಿ ನೋಡ್ಕೊಳ್ತೀನಿ ಸರ್, ದಿನದ ಆರೈಕೆಗೆ ಮನೆಯಲ್ಲಿ ಜನ ಇದ್ದಾರೆ" ಎಂದರೆ ಸಾಕು. ಎಂದೂ ರಜೆ ಕೇಳುವುದಿಲ್ಲ ಎಂಬ ಆಣೆ ಮಾತ್ರ ಬೇಡ. ಉಳಿಸಿಕೊಳ್ಳಲಾಗದ ಮಾತು ಅದು.

ಈ ಸಂಜೆ ನಿಮ್ಮ ರೆಸ್ಯೂಮೆ ತೆರೆದು ಆ ಭಾಗವನ್ನು ಒಮ್ಮೆ ಓದಿ. ‘ದುರದೃಷ್ಟವಶಾತ್’, ‘ಅನಿವಾರ್ಯವಾಗಿ’, ‘ದಯವಿಟ್ಟು’ ಎಂಬ ಮಾತುಗಳಿದ್ದರೆ ತೆಗೆಯಿರಿ. ಶುರುವಾದ ತಿಂಗಳು, ಮುಗಿದ ತಿಂಗಳು ಎರಡೂ ಇವೆಯೇ, ಪಿಎಫ್ ದಾಖಲೆಗೆ ತಾಳೆಯಾಗುತ್ತವೆಯೇ ನೋಡಿ. ಏನು ಮಾಡಿದಿರಿ, ಈಗ ಹೇಗಿದೆ, ಕೈಯಲ್ಲಿ ಏನಿದೆ ಎಂದು ಮೂರು ಸಾಲು ಬರೆದು ನಿಲ್ಲಿಸಿ. ಮನೆಯವರನ್ನು ನೋಡಿಕೊಂಡದ್ದಕ್ಕೂ, ಕಾಯಿಲೆಯಿಂದ ಎದ್ದು ಬಂದದ್ದಕ್ಕೂ ಯಾರ ಬಳಿಯೂ ಕ್ಷಮೆ ಕೇಳಬೇಕಾಗಿಲ್ಲ.